2 ಮೈಕ್ರೋಆಂಪ್, 2.4 ಮಿಲಿಆಂಪ್: ಸಿಮಾಸ್ ಇನ್ವರ್ಟರ್ ನಿಜವಾಗಿ ಸುಮ್ಮನಿರುವುದು ಯಾವಾಗ?

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಗೊಂದಲ ಕಳೆದುಬಿಡೋಣ. ಇನ್ವರ್ಟರ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕರೆಂಟ್ ಹೋದಾಗ ಫ್ಯಾನು ತಿರುಗಿಸುವ, ಮೂಲೆಯಲ್ಲಿ ಬ್ಯಾಟರಿಯ ಪಕ್ಕ ಕೂತಿರುವ ಡಬ್ಬ. ಇವತ್ತು ಮಾತಾಡುವುದು ಆ ಇನ್ವರ್ಟರ್ ಬಗ್ಗೆ ಅಲ್ಲ. ಎರಡೇ ಎರಡು ಟ್ರಾನ್ಸಿಸ್ಟರ್ ಸೇರಿ ಆಗುವ, ಒಂದು ಕೊಟ್ಟರೆ ಸೊನ್ನೆ, ಸೊನ್ನೆ ಕೊಟ್ಟರೆ ಒಂದು ಹಿಂತಿರುಗಿಸುವ ಲಾಜಿಕ್ ಇನ್ವರ್ಟರ್ ಬಗ್ಗೆ.

ಇದರ ಬಗ್ಗೆ ತರಗತಿಯಲ್ಲಿ ಎಲ್ಲರೂ ಬರೆದುಕೊಳ್ಳುವ ಸಾಲು ಒಂದಿದೆ: ‘ಸಿಮಾಸ್‌ನಲ್ಲಿ ಸ್ಥಿರ ಸ್ಥಿತಿಯಲ್ಲಿ ವಿದ್ಯುತ್ ಖರ್ಚು ಬಹುತೇಕ ಸೊನ್ನೆ.’ ಈಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ SN74HCT04 ಚಿಪ್ಪಿನ ಡೇಟಾಶೀಟ್ ತೆಗೆಯಿರಿ. ಅದರಲ್ಲಿ ಆರು ಇನ್ವರ್ಟರ್‌ಗಳಿವೆ. 25 ಡಿಗ್ರಿಯಲ್ಲಿ ಇಡೀ ಚಿಪ್ಪು ಸುಮ್ಮನೆ ಕೂತಾಗ ಎಳೆಯುವ ಕರೆಂಟ್ ಹೆಚ್ಚೆಂದರೆ 2 ಮೈಕ್ರೋಆಂಪ್ ಎಂದಿದೆ. ಸರಿ, ತರಗತಿಯ ಸಾಲು ನಿಜ. ಅದೇ ಕೋಷ್ಟಕದಲ್ಲಿ ಕೆಳಗೆ ಇನ್ನೊಂದು ಸಾಲಿದೆ. ಒಂದೇ ಒಂದು ಇನ್‌ಪುಟ್ಟನ್ನು 2.4 ವೋಲ್ಟಿನಲ್ಲಿ ಇಟ್ಟರೆ ಅದೊಂದರಿಂದಲೇ ಹೆಚ್ಚಾಗುವ ಕರೆಂಟ್ 2.4 ಮಿಲಿಆಂಪ್‌ವರೆಗೂ ಹೋಗಬಹುದು. ಮೊದಲಿನದರ ಸಾವಿರದ ಇನ್ನೂರು ಪಟ್ಟು. ಆ 2.4 ವೋಲ್ಟು ತಪ್ಪಾದ ಇನ್‌ಪುಟ್ಟೂ ಅಲ್ಲ. ಈ ಚಿಪ್ಪು 2 ವೋಲ್ಟಿನ ಮೇಲಿನದನ್ನೆಲ್ಲ ‘ಒಂದು’ ಎಂದೇ ಓದಬೇಕು, ಓದುತ್ತದೆ ಕೂಡ. ಗಡಿಯಾರವೂ ಇಲ್ಲ, ಸ್ವಿಚಿಂಗೂ ಇಲ್ಲ, ಲಾಜಿಕ್ ಸರಿಯಿದೆ. ಆದರೂ ಬ್ಯಾಟರಿ ಖಾಲಿಯಾಗುತ್ತಿದೆ.

ಈ ಎರಡು ಸಾಲುಗಳ ನಡುವಿನ ಅಂತರ ಎಲ್ಲಿಂದ ಬಂತು ಎನ್ನುವುದೇ ಇವತ್ತಿನ ವಿಷಯ.

ಒಂದೇ ಹಿಡಿ, ಎರಡು ತೂಬು

ಸಪ್ಲೈ ಮೇಲಿದೆ, ಗ್ರೌಂಡ್ ಕೆಳಗಿದೆ. ಮೇಲೆ ಪಿಮಾಸ್ ಟ್ರಾನ್ಸಿಸ್ಟರ್, ಅದರ ಸೋರ್ಸ್ ಸಪ್ಲೈಗೆ. ಕೆಳಗೆ ಎನ್‌ಮಾಸ್, ಅದರ ಸೋರ್ಸ್ ಗ್ರೌಂಡಿಗೆ. ಎರಡರ ಡ್ರೈನ್‌ಗಳನ್ನು ಕೂಡಿಸಿದ ಜಾಗವೇ ಔಟ್‌ಪುಟ್. ಎರಡರ ಗೇಟ್‌ಗಳನ್ನು ಕೂಡಿಸಿದ ಜಾಗ ಇನ್‌ಪುಟ್. ಒಂದು ಕೊಳವೆಗೆ ಎರಡು ತೂಬು ಇಟ್ಟು, ಎರಡಕ್ಕೂ ಒಂದೇ ಹಿಡಿ ಜೋಡಿಸಿದಂತೆ. ಹಿಡಿ ಮೇಲೆತ್ತಿದರೆ ಕೆಳಗಿನದು ತೆರೆದು ಮೇಲಿನದು ಮುಚ್ಚುತ್ತದೆ, ಕೆಳಗೆ ಒತ್ತಿದರೆ ಮೇಲಿನದು ತೆರೆದು ಕೆಳಗಿನದು ಮುಚ್ಚುತ್ತದೆ.

ಎನ್‌ಮಾಸ್ ತೆರೆಯಬೇಕಾದರೆ ಗೇಟು ತನ್ನ ಸೋರ್ಸ್‌ಗಿಂತ ಒಂದು ಥ್ರೆಶೋಲ್ಡ್‌ನಷ್ಟು ಮೇಲಿರಬೇಕು. ಪಿಮಾಸ್‌ಗೆ ಅಷ್ಟೇ ಕೆಳಗಿರಬೇಕು. ಸಪ್ಲೈ 5 ವೋಲ್ಟ್, ಥ್ರೆಶೋಲ್ಡ್ ಎರಡಕ್ಕೂ 1 ವೋಲ್ಟ್ ಎಂದಿಟ್ಟುಕೊಳ್ಳಿ. ಇನ್‌ಪುಟ್ 1 ವೋಲ್ಟಿಗಿಂತ ಕೆಳಗಿದ್ದಾಗ ಎನ್‌ಮಾಸ್ ಮುಚ್ಚಿದೆ, ಪಿಮಾಸ್ ಪೂರ್ತಿ ತೆರೆದಿದೆ. ಔಟ್‌ಪುಟ್ ಸಪ್ಲೈಗೆ ಅಂಟಿಕೊಂಡಿದೆ, ಸರಿಯಾಗಿ 5 ವೋಲ್ಟ್. ಇನ್‌ಪುಟ್ 4 ವೋಲ್ಟಿಗಿಂತ ಮೇಲಿದ್ದಾಗ ಇದರ ತಿರುವುಮುರುವು: ಪಿಮಾಸ್ ಮುಚ್ಚಿದೆ, ಔಟ್‌ಪುಟ್ ಸರಿಯಾಗಿ 0. ಈ ಎರಡು ಕೊನೆಗಳಲ್ಲೂ ಸಪ್ಲೈಯಿಂದ ಗ್ರೌಂಡಿಗೆ ಹೋಗುವ ದಾರಿಯಲ್ಲಿ ಒಂದಲ್ಲ ಒಂದು ಬಾಗಿಲು ಹಾಕಿರುತ್ತದೆ. ಕರೆಂಟ್ ಹರಿಯಲು ದಾರಿಯೇ ಇಲ್ಲ.

ಪಿಮಾಸ್ ಬದಲು ಮೇಲೆ ಒಂದು ರೆಸಿಸ್ಟರ್ ಇಟ್ಟರೆ ಏನಾಗುತ್ತಿತ್ತು ನೋಡಿ. ಇನ್‌ಪುಟ್ ಮೇಲಿದ್ದಾಗ ಎನ್‌ಮಾಸ್ ತೆರೆಯುತ್ತದೆ, ಔಟ್‌ಪುಟ್ ಕೆಳಗಿಳಿಯುತ್ತದೆ, ಆದರೆ ರೆಸಿಸ್ಟರ್ ಮುಚ್ಚುವುದು ಹೇಗೆ? 10 ಕಿಲೋಓಮ್ ಇಟ್ಟರೆ ಔಟ್‌ಪುಟ್ ಸೊನ್ನೆಯಲ್ಲಿರುವಷ್ಟು ಹೊತ್ತೂ ಸುಮಾರು 0.5 ಮಿಲಿಆಂಪ್, ಅಂದರೆ 2.5 ಮಿಲಿವ್ಯಾಟ್ ಸುಡುತ್ತಲೇ ಇರುತ್ತದೆ. ಕಡಿಮೆ ಮಾಡೋಣವೆಂದು ರೆಸಿಸ್ಟರ್ ದೊಡ್ಡದು ಮಾಡಿದರೆ ಔಟ್‌ಪುಟ್ ಮೇಲೇರಲು ನಿಧಾನ. ಈ ಜಗ್ಗಾಟ ಸಿಮಾಸ್‌ನಲ್ಲಿ ಇಲ್ಲ. 1963ರಲ್ಲಿ ಫೇರ್‌ಚೈಲ್ಡ್‌ನ ಫ್ರಾಂಕ್ ವಾನ್ಲಾಸ್ ಮತ್ತು ಸಿ. ಟಿ. ಸಾ ಈ ಜೋಡಿಯನ್ನು ಮಂಡಿಸಿದಾಗ ಪ್ರಬಂಧದ ಹೆಸರಿನಲ್ಲೇ ‘ನ್ಯಾನೋವ್ಯಾಟ್ ಲಾಜಿಕ್’ ಎಂದಿಟ್ಟಿದ್ದರು. ಅವರು ಮುಂದಿಟ್ಟ ಗುಣ ಇದೇ.

ಇದರಲ್ಲಿ ಇನ್ನೊಂದು ಅರ್ಧ ಇದೆ, ಅದನ್ನು ಹೇಳುವುದು ಮರೆತುಹೋಗುತ್ತದೆ. ಗೇಟಿನ ಕೆಳಗೆ ಇರುವುದು ಆಕ್ಸೈಡ್, ಅಂದರೆ ಗಾಜಿನಂಥ ಇನ್ಸುಲೇಟರ್. ಮುಂದಿನ ಹಂತದ ಇನ್‌ಪುಟ್ಟೂ ಇಂಥದ್ದೇ ಗೇಟ್ ಆದ್ದರಿಂದ ನಮ್ಮ ಔಟ್‌ಪುಟ್ಟಿನಿಂದ ಅದು ಸ್ಥಿರ ಕರೆಂಟ್ ಕೇಳುವುದಿಲ್ಲ. ಒಳಗಿನ ದಾರಿ ಮುಚ್ಚಿರುವುದು ಒಂದು, ಹೊರಗೆ ಯಾರೂ ಕೇಳದಿರುವುದು ಇನ್ನೊಂದು. ಎರಡೂ ಸೇರಿದರೆ ಮಾತ್ರ ಸೊನ್ನೆ.

ನಡುವಿನ ಮೂರು ವೋಲ್ಟು

ಕೊನೆಗಳು ಸುಲಭ. ಕಥೆಯೆಲ್ಲ ಇರುವುದು 1 ಮತ್ತು 4 ವೋಲ್ಟಿನ ನಡುವೆ. ಅಲ್ಲಿ ಎರಡು ತೂಬುಗಳೂ ಅಷ್ಟಿಷ್ಟು ತೆರೆದಿವೆ. ಎರಡೂ ಟ್ರಾನ್ಸಿಸ್ಟರ್‌ಗಳ ಬಲ ಸಮವಾಗಿದೆ, ಬಲದ ಗುಣಾಂಕ ಪ್ರತಿ ಚದರ ವೋಲ್ಟಿಗೆ 0.4 ಮಿಲಿಆಂಪ್ ಎಂದುಕೊಂಡು ಲೆಕ್ಕ ಮಾಡೋಣ. ಉದ್ದ ಚಾನೆಲ್ಲಿನ ಹಳೇ ಚದರ ನಿಯಮ ಸಾಕು. ಸ್ಯಾಚುರೇಶನ್‌ನಲ್ಲಿ, ಅಂದರೆ ಡ್ರೈನ್ ವೋಲ್ಟೇಜ್ ಏರಿಸಿದರೂ ಕರೆಂಟ್ ಹೆಚ್ಚದ ಸ್ಥಿತಿಯಲ್ಲಿ, ಕರೆಂಟ್ ಇಷ್ಟು. ಇಲ್ಲಿ k ಬಲದ ಗುಣಾಂಕ, VGS ಗೇಟು ಮತ್ತು ಸೋರ್ಸ್ ನಡುವಿನ ವೋಲ್ಟೇಜ್, VT ಥ್ರೆಶೋಲ್ಡ್:

```
I = (k/2) × (VGS − VT)²
```

ಎರಡು ಟ್ರಾನ್ಸಿಸ್ಟರ್‌ಗಳೂ ಒಂದೇ ದಾರಿಯಲ್ಲಿರುವುದರಿಂದ, ಔಟ್‌ಪುಟ್‌ನಿಂದ ಹೊರಗೆ ಯಾರೂ ಕರೆಂಟ್ ಎಳೆಯದಿದ್ದರೆ, ಎರಡರ ಕರೆಂಟೂ ಒಂದೇ ಆಗಿರಬೇಕು. ಆ ಸಮತೋಲ ಸಿಗುವಲ್ಲಿ ಔಟ್‌ಪುಟ್ ನಿಲ್ಲುತ್ತದೆ. ಲೆಕ್ಕ ಹೀಗೆ ಬರುತ್ತದೆ:

```
Vin (V)   Vout (V)        I (mA)
0         5.000           ~0
1.5       4.95            0.05
2.125     4.625           0.253
2.5       3.5 → 1.5       0.45
2.875     0.375           0.253
3.5       0.05            0.05
5         0.000           ~0
```

1.5 ವೋಲ್ಟಿನ ಸಾಲನ್ನು ಹತ್ತಿರದಿಂದ ನೋಡೋಣ. ಎನ್‌ಮಾಸ್ ಥ್ರೆಶೋಲ್ಡ್‌ಗಿಂತ ಅರ್ಧ ವೋಲ್ಟು ಮೇಲಿದೆ. ಅದು ಬಿಡುವ ಕರೆಂಟ್ 0.2 × 0.25, ಅಂದರೆ 0.05 ಮಿಲಿಆಂಪ್. ಪಿಮಾಸ್ ಆಗ ಎರಡೂವರೆ ವೋಲ್ಟಿನಷ್ಟು ಬಲವಾಗಿ ತೆರೆದಿದೆ. ಅಷ್ಟು ಸಣ್ಣ ಕರೆಂಟ್ ಸಾಗಿಸಲು ಅದರ ಮೇಲೆ 0.05 ವೋಲ್ಟು ಬಿದ್ದರೆ ಸಾಕು. ಹಾಗಾಗಿ ಔಟ್‌ಪುಟ್ 4.95. ಇನ್‌ಪುಟ್ ತಂತಿಯ ಮೇಲೆ ಎಲ್ಲಿಂದಲೋ ಒಂದೂವರೆ ವೋಲ್ಟು ಗಲಾಟೆ ಬಂದು ಕೂತಿದೆ, ಔಟ್‌ಪುಟ್‌ಗೆ ದಾಟಿದ್ದು ಬರೀ 0.05. ಆ 4.95 ಮುಂದಿನ ಇನ್ವರ್ಟರ್‌ಗೆ ಹೋದರೆ ಅಲ್ಲಿ ಪಿಮಾಸ್ ಥ್ರೆಶೋಲ್ಡ್ ಹತ್ತಿರವೂ ಬರುವುದಿಲ್ಲ, ಔಟ್‌ಪುಟ್ ಅಪ್ಪಟ ಸೊನ್ನೆ. ಎರಡು ಹಂತದಲ್ಲಿ ಗಲಾಟೆ ಪೂರ್ತಿ ಅಳಿಸಿಹೋಯಿತು. ಡಿಜಿಟಲ್ ಸಿಗ್ನಲ್ ಸಾವಿರ ಗೇಟು ದಾಟಿದರೂ ಕೆಡುವುದಿಲ್ಲವಲ್ಲ, ಅದರ ಗುಟ್ಟು ಈ ಸಾಲಿನಲ್ಲಿದೆ.

ಆದರೆ ಮೂರನೇ ಅಂಕಣ ನೋಡಿ. 0.05 ಮಿಲಿಆಂಪ್ ಅಂದರೆ 50 ಮೈಕ್ರೋಆಂಪ್. ಲಾಜಿಕ್‌ಗೆ ಈ ಒಂದೂವರೆ ವೋಲ್ಟು ಗೊತ್ತೇ ಆಗಲಿಲ್ಲ. ಬ್ಯಾಟರಿಗೆ ಗೊತ್ತಾಯಿತು.

ನಡುವಿನ 2.5 ವೋಲ್ಟಿನಲ್ಲಿ ಎರಡೂ ಸ್ಯಾಚುರೇಶನ್‌ನಲ್ಲಿವೆ, ಎರಡೂ ತಮ್ಮ ತಮ್ಮ ಕರೆಂಟಿಗೆ ಪಟ್ಟು ಹಿಡಿದು ಕೂತಿವೆ. ಈ ಸರಳ ಲೆಕ್ಕದಲ್ಲಿ ಔಟ್‌ಪುಟ್ 3.5ರಿಂದ 1.5ಕ್ಕೆ ನೆಟ್ಟಗೆ ಬೀಳುತ್ತದೆ. ನಿಜವಾದ ಟ್ರಾನ್ಸಿಸ್ಟರ್‌ನಲ್ಲಿ ಡ್ರೈನ್ ವೋಲ್ಟೇಜ್ ಏರಿದರೆ ಕರೆಂಟೂ ಸ್ವಲ್ಪ ಏರುವುದರಿಂದ ಗೋಡೆಯ ಬದಲು ಕಡಿದಾದ ಇಳಿಜಾರು ಸಿಗುತ್ತದೆ. ಇಲ್ಲಿ ಕರೆಂಟ್ ಶಿಖರ ಮುಟ್ಟುತ್ತದೆ: 0.45 ಮಿಲಿಆಂಪ್, 5 ವೋಲ್ಟಿಗೆ 2.25 ಮಿಲಿವ್ಯಾಟ್. ರೆಸಿಸ್ಟರ್ ಇಟ್ಟ ಹಳೇ ಇನ್ವರ್ಟರ್‌ಗೂ ಇದಕ್ಕೂ ಆ ಬಿಂದುವಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಎಲೆಕ್ಟ್ರಾನ್‌ಗಳು ಹೋಲ್‌ಗಳಿಗಿಂತ ಎರಡು–ಮೂರು ಪಟ್ಟು ಚುರುಕು. ಅದಕ್ಕೇ ಪಿಮಾಸ್ಸನ್ನು ಅಷ್ಟು ಪಟ್ಟು ಅಗಲ ಮಾಡಿ ಸಮ ಮಾಡುತ್ತಾರೆ. ಮಾಡದೇ ಬಿಟ್ಟರೆ? ಪಿಮಾಸ್ ಬಲ ಎನ್‌ಮಾಸ್‌ನ 0.4 ಪಟ್ಟು ಮಾತ್ರ ಇದ್ದರೆ ನಡುಬಿಂದು 2.5ರಿಂದ ಸುಮಾರು 2.16ಕ್ಕೆ ಸರಿಯುತ್ತದೆ. ಬಲದ ಅನುಪಾತದ ವರ್ಗಮೂಲ ಮಾತ್ರ ಲೆಕ್ಕಕ್ಕೆ ಬರುವುದರಿಂದ ಏಟು ಸಣ್ಣದು. ಅಗಲದ ಬಗ್ಗೆ ವಿದ್ಯಾರ್ಥಿಗಳು ಪರೀಕ್ಷೆಗೆ ತಲೆಕೆಡಿಸಿಕೊಳ್ಳುವಷ್ಟು ಇನ್ವರ್ಟರ್ ತಲೆಕೆಡಿಸಿಕೊಳ್ಳುವುದಿಲ್ಲ.

ನಾಯ್ಸ್ ಮಾರ್ಜಿನ್: ಎರಡು ಬಗೆಯ ಲೆಕ್ಕ

ಇಳಿಜಾರು ಎಲ್ಲಿ ಅಪಾಯಕಾರಿ? ಇನ್‌ಪುಟ್‌ನಲ್ಲಿ ಒಂದು ಮಿಲಿವೋಲ್ಟ್ ಅಲುಗಿದರೆ ಔಟ್‌ಪುಟ್‌ನಲ್ಲಿ ಒಂದು ಮಿಲಿವೋಲ್ಟಿಗಿಂತ ಹೆಚ್ಚು ಅಲುಗುವಲ್ಲಿ. ಗಲಾಟೆ ಅಳಿಯುವ ಬದಲು ಬೆಳೆಯಲು ಶುರುವಾಗುವುದು ಅಲ್ಲಿಂದ. ಇಳಿಜಾರು ಸರಿಯಾಗಿ −1 ಇರುವ ಎರಡು ಬಿಂದುಗಳೇ VIL ಮತ್ತು VIH. ಹಿಂದಿನ ಹಂತ ಕೊಡುವ ಸೊನ್ನೆಯ ಮಟ್ಟ VOL, ಒಂದರ ಮಟ್ಟ VOH. ಅವುಗಳಿಂದ ಈ ಬಿಂದುಗಳವರೆಗೆ ಗಲಾಟೆಗೆ ಉಳಿಯುವ ಜಾಗವೇ ನಾಯ್ಸ್ ಮಾರ್ಜಿನ್, ಕೆಳಗಿನ ಕಡೆಯದು NML, ಮೇಲಿನ ಕಡೆಯದು NMH. ಸಪ್ಲೈ VDD ಇರುವ ಸಮ ಇನ್ವರ್ಟರ್‌ಗೆ ಚದರ ನಿಯಮದಿಂದ ಬರುವುದು ಇದು:

```
VIL = (3·VDD + 2·VT)/8 = 2.125 V
VIH = (5·VDD − 2·VT)/8 = 2.875 V
NML = VIL − VOL
NMH = VOH − VIH
```

ಕೋಷ್ಟಕದಲ್ಲಿ ಆ ಎರಡು ವಿಚಿತ್ರ ಸಂಖ್ಯೆಗಳು ಏಕೆ ಇದ್ದವು ಎನ್ನುವುದು ಈಗ ಗೊತ್ತಾಯಿತು. ಹಿಂದಿನ ಹಂತ ಅಪ್ಪಟ 0 ಮತ್ತು ಅಪ್ಪಟ 5 ಕೊಡುತ್ತದೆ ಎಂದುಕೊಂಡರೆ ಎರಡೂ ಕಡೆ ಮಾರ್ಜಿನ್ 2.125 ವೋಲ್ಟ್. ಆದರೆ ಹಿಂದಿನ ಹಂತವೇ ತನ್ನ ಅಂಚಿನಲ್ಲಿ ನಿಂತಿದ್ದರೆ? ಆಗ ಅದು ಕೊಡುವುದು 4.625 ಅಥವಾ 0.375, ಮಾರ್ಜಿನ್ 1.75ಕ್ಕೆ ಇಳಿಯುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಉತ್ತರ ಬೇರೆ ಬರುವುದು ಇದರಿಂದ. ಎರಡೂ ತಪ್ಪಲ್ಲ, ಯಾವುದನ್ನು ಬಳಸಿದ್ದೀರಿ ಎಂದು ಹೇಳಿದರಾಯಿತು.

ಡೇಟಾಶೀಟ್ ಬರೆಯುವವರಿಗೆ ಇಳಿಜಾರಿನ ಗೊಡವೆಯಿಲ್ಲ. ಅವರದು ಖಾತರಿಯ ಭಾಷೆ. ಅಂಥದ್ದೇ ಆರು ಇನ್ವರ್ಟರ್‌ಗಳ ಇನ್ನೊಂದು ಸಿಮಾಸ್ ಚಿಪ್ಪು 74HC04ಕ್ಕೆ 4.5 ವೋಲ್ಟ್ ಸಪ್ಲೈ ಕೊಟ್ಟಾಗ 1.35ರ ಕೆಳಗಿನದನ್ನು ಸೊನ್ನೆ ಎಂದೂ 3.15ರ ಮೇಲಿನದನ್ನು ಒಂದು ಎಂದೂ ಓದುವ ಖಾತರಿ. ಔಟ್‌ಪುಟ್‌ನಿಂದ 20 ಮೈಕ್ರೋಆಂಪ್ ಮಾತ್ರ ಎಳೆದರೆ ಅದು 4.4ಕ್ಕಿಂತ ಕೆಳಗಿಳಿಯುವುದಿಲ್ಲ, 0.1ಕ್ಕಿಂತ ಮೇಲೇರುವುದಿಲ್ಲ. ಮಾರ್ಜಿನ್ ಎರಡೂ ಕಡೆ 1.25 ವೋಲ್ಟ್. ಅದೇ ಪಿನ್ನಿನಿಂದ 4 ಮಿಲಿಆಂಪಿನ ಒಂದು ಎಲ್‌ಇಡಿಯನ್ನೂ ಉರಿಸಿದರೆ 25 ಡಿಗ್ರಿಯಲ್ಲಿ ಖಾತರಿ 3.98 ಮತ್ತು 0.26ಕ್ಕೆ ಇಳಿಯುತ್ತದೆ. ಎಲ್‌ಇಡಿ ಮೇಲಿನ ಮಟ್ಟದಲ್ಲಿ ಉರಿಯುವುದಾದರೆ ಆ ಕಡೆಯ ಮಾರ್ಜಿನ್ 1.25ರಿಂದ 0.83ಕ್ಕೆ ಬಂತು. ಪರೀಕ್ಷೆಗೆಂದು ಲಾಜಿಕ್ ಲೈನಿಗೇ ಎಲ್‌ಇಡಿ ಸಿಕ್ಕಿಸುವ ಅಭ್ಯಾಸದ ಬೆಲೆ ಅದು.

ಸಿಮಾಸ್ ಅಲ್ಲದ ಹಳೇ ಲಾಜಿಕ್ ಕುಟುಂಬ ಟಿಟಿಎಲ್ ಜೊತೆ ಬೆರೆಸುವಾಗ ಮಾರ್ಜಿನ್ ಋಣಾತ್ಮಕವೇ ಆಗಿಬಿಡುತ್ತದೆ. 74LS04ರ ‘ಒಂದು’ 2.7 ವೋಲ್ಟಿನಷ್ಟು ಕೆಳಗಿರಲು ಹಕ್ಕಿದೆ. 74HC04 ಕೇಳುವುದು 3.15. ಮೇಜಿನ ಮೇಲೆ ಇದು ಕೆಲಸ ಮಾಡಿಬಿಡುತ್ತದೆ, ಏಕೆಂದರೆ ಎಲ್‌ಎಸ್ ಸಾಮಾನ್ಯವಾಗಿ 3.4ರ ಸುತ್ತ ಕೊಡುತ್ತದೆ. ಹತ್ತು ಬೋರ್ಡಿನಲ್ಲಿ ಒಂದು ಬೋರ್ಡು ಯಾವಾಗಲೋ ಕೈಕೊಟ್ಟಾಗ ಕಾರಣ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬರೀ ‘ಜೀರೋ ಫೋರ್ ಕೊಡಿ’ ಅಂದರೆ ಕೈಗೆ ಬರುವುದು ಎಲ್‌ಎಸ್, ಎಚ್‌ಸಿ, ಎಚ್‌ಸಿಟಿ ಯಾವುದಾದರೂ ಆಗಬಹುದು, ಮೂರರ ಕಾಲುಗಳೂ ಒಂದೇ ಕ್ರಮ. ಚಿಪ್ಪಿನ ಬೆನ್ನು ಓದಿಯೇ ತನ್ನಿ.

ಮೇಜಿನ ಮೇಲೆ ನೋಡುವುದು ಹೇಗೆ

ಈ ಕೋಷ್ಟಕವನ್ನು ನೀವೇ ಅಳೆಯಬಹುದು. ಬೇಕಾದ್ದು CD4007UB, ಒಂದು 10 ಕಿಲೋಓಮ್ ಪಾಟ್ (ಹತ್ತು ಸುತ್ತಿನದಾದರೆ ಒಳ್ಳೆಯದು), 100 ಓಮ್ ಮತ್ತು 1 ಮೆಗಾಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡು ಮಲ್ಟಿಮೀಟರ್. ಈ ಚಿಪ್ಪಿನಲ್ಲಿ ಮೂರು ಜೋಡಿಗಳಿವೆ. ಅವುಗಳಲ್ಲಿ ಒಂದರ ಡ್ರೈನ್‌ಗಳು ಒಳಗೇ ಕೂಡಿವೆ: 10 ಇನ್‌ಪುಟ್, 12 ಔಟ್‌ಪುಟ್, 11 ಪಿಮಾಸ್‌ನ ಸೋರ್ಸ್, 9 ಎನ್‌ಮಾಸ್‌ನ ಸೋರ್ಸ್.

ಪಿನ್ 14 ನೇರ 5 ವೋಲ್ಟಿಗೆ, 7 ಮತ್ತು 9 ಗ್ರೌಂಡಿಗೆ. 14 ಮತ್ತು 7ರ ನಡುವೆ ಚಿಪ್ಪಿಗೆ ಹತ್ತಿರವಾಗಿ ಕೆಪಾಸಿಟರ್. ಬಳಸದ ಜೋಡಿಗಳ ಗೇಟುಗಳಾದ 3 ಮತ್ತು 6ನ್ನು ಗ್ರೌಂಡಿಗೆ ಕಟ್ಟಿ. ಪಿನ್ 11ನ್ನು 100 ಓಮ್ ಮೂಲಕ 5 ವೋಲ್ಟಿಗೆ ಕೊಡಿ. ಆ ರೆಸಿಸ್ಟರ್ ಮೇಲೆ ಬೀಳುವ ಪ್ರತಿ 10 ಮಿಲಿವೋಲ್ಟ್ ಅಂದರೆ 0.1 ಮಿಲಿಆಂಪ್. ಪಾಟಿನ ಎರಡು ಕೊನೆಗಳು 5 ವೋಲ್ಟಿಗೂ ಗ್ರೌಂಡಿಗೂ, ನಡುಕಾಲು ಪಿನ್ 10ಕ್ಕೆ. ಒಂದು ಮೀಟರ್ 100 ಓಮ್ ಮೇಲೆ, ಎರಡನೆಯದು ಔಟ್‌ಪುಟ್ ಪಿನ್ 12 ಮತ್ತು ಗ್ರೌಂಡ್ ನಡುವೆ. ಪಾಟ್ ನಿಧಾನ ತಿರುಗಿಸುತ್ತಾ ಹೋಗಿ. ಮೊದಲು ಏನೂ ಇಲ್ಲ, ನಂತರ ಮಿಲಿವೋಲ್ಟುಗಳು ಏರುತ್ತವೆ, ಔಟ್‌ಪುಟ್ ಥಟ್ಟನೆ ಬೀಳುವ ಜಾಗದಲ್ಲಿಯೇ ಶಿಖರ, ಮತ್ತೆ ಇಳಿದು ಸೊನ್ನೆ. ನಿಮ್ಮ ಚಿಪ್ಪಿನ ಥ್ರೆಶೋಲ್ಡ್ ಮತ್ತು ಬಲ ಬೇರೆಯಾದ್ದರಿಂದ ಸಂಖ್ಯೆಗಳು ನನ್ನವಕ್ಕೆ ತಾಳೆಯಾಗುವುದಿಲ್ಲ, ಆಕಾರ ತಾಳೆಯಾಗಬೇಕು. ಶಿಖರ ನಡುವಿಗೆ ಬರದೆ ಒಂದು ಪಕ್ಕಕ್ಕೆ ವಾಲಿದ್ದರೆ ಎರಡು ಟ್ರಾನ್ಸಿಸ್ಟರ್‌ಗಳು ಸಮವಿಲ್ಲ ಎಂದರ್ಥ.

ಈಗ ಸೊನ್ನೆ ಎಷ್ಟು ಸೊನ್ನೆ ಎಂದು ನೋಡುವ ಆಸೆ ಬರುತ್ತದೆ. ಪಾಟ್ ಬಿಚ್ಚಿ ಇನ್‌ಪುಟ್ಟನ್ನು ನೇರ ಗ್ರೌಂಡಿಗೆ ಕಟ್ಟಿ. 100 ಓಮ್ ಜಾಗಕ್ಕೆ 1 ಮೆಗಾಓಮ್ ಹಾಕಿ, ಈಗ 1 ಮಿಲಿವೋಲ್ಟ್ ಅಂದರೆ ಸುಮಾರು 1 ನ್ಯಾನೋಆಂಪ್. ಮೀಟರ್ ನೋಡಿದರೆ 0.4 ವೋಲ್ಟಿನ ಆಸುಪಾಸು, ಅಂದರೆ 400 ನ್ಯಾನೋಆಂಪಿಗೂ ಹೆಚ್ಚು! ಚಿಪ್ಪು ಹಾಳಾಗಿದೆ ಎಂದು ಎಸೆಯಬೇಡಿ. ಔಟ್‌ಪುಟ್ ಪಿನ್ನಿನ ಮೇಲೆ ಎರಡನೇ ಮೀಟರ್ ಇನ್ನೂ ಕೂತಿದೆ. ಅದರ ಒಳರೋಧ 10 ಮೆಗಾಓಮ್, 5 ವೋಲ್ಟಿಗೆ ಅದೇ ಅರ್ಧ ಮೈಕ್ರೋಆಂಪ್ ಕುಡಿಯುತ್ತದೆ. ಅಳೆಯಲು ಬಂದವನೇ ಸ್ಥಿರ ಖರ್ಚಾದ. ಆ ಮೀಟರ್ ತೆಗೆದರೆ ಓದು ಕೆಲವೇ ಮಿಲಿವೋಲ್ಟಿಗೆ ಅಥವಾ ಅದಕ್ಕಿಂತ ಕೆಳಗೆ ಕುಸಿಯುತ್ತದೆ. ಅಲ್ಲಿ ಉಳಿದಿರುವುದರಲ್ಲಿ ಬ್ರೆಡ್‌ಬೋರ್ಡಿನ ಕೊಳೆ, ಬೆರಳಿನ ಬೆವರಿನ ಪಾಲೂ ಇರುತ್ತದೆ.

‘ಬಹುತೇಕ’ ಎಂಬ ಪದದ ಬೆಲೆ

ಬಾಗಿಲು ಮುಚ್ಚಿದ ಮೇಲೂ ಸೋರುವುದು ಮುಖ್ಯವಾಗಿ ಮೂರು ಕಡೆ. ಡ್ರೈನ್ ಮತ್ತು ಸಬ್‌ಸ್ಟ್ರೇಟ್ ನಡುವಿನ ಹಿಮ್ಮುಖ ಡಯೋಡ್ ಒಂದು. ಆಕ್ಸೈಡ್ ಅತಿ ತೆಳುವಾದಾಗ ಅದರೊಳಗಿನಿಂದಲೇ ತೂರುವ ಕರೆಂಟ್ ಇನ್ನೊಂದು. ಆದರೆ ಹೆಚ್ಚು ತಿಳಿಯಬೇಕಾದದ್ದು ಮೂರನೆಯದು: ಥ್ರೆಶೋಲ್ಡ್‌ನ ಕೆಳಗೆ ಟ್ರಾನ್ಸಿಸ್ಟರ್ ಒಮ್ಮೆಲೇ ಮುಚ್ಚುವುದಿಲ್ಲ. ಗೇಟು ಪ್ರತಿ 90 ಮಿಲಿವೋಲ್ಟಿನಷ್ಟು ಇಳಿದಾಗ ಕರೆಂಟ್ ಹತ್ತರಲ್ಲಿ ಒಂದು ಭಾಗವಾಗುತ್ತದೆ, ಅಷ್ಟೇ. ಕೋಣೆಯ ಉಷ್ಣತೆಯಲ್ಲಿ ಇದು 60ಕ್ಕಿಂತ ಕೆಳಗೆ ಹೋಗಲು ಸಾಮಾನ್ಯ ಮಾಸ್ ಟ್ರಾನ್ಸಿಸ್ಟರ್‌ಗೆ ಸಾಧ್ಯವಿಲ್ಲ.

ಥ್ರೆಶೋಲ್ಡ್ ಬಿಂದುವಿನಲ್ಲಿ 100 ನ್ಯಾನೋಆಂಪ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಥ್ರೆಶೋಲ್ಡ್ 1 ವೋಲ್ಟ್ ಇದ್ದರೆ ಗೇಟು ಸೊನ್ನೆಗೆ ಬರುವಷ್ಟರಲ್ಲಿ ಹನ್ನೊಂದು ಸಲ ಹತ್ತರಿಂದ ಭಾಗಿಸಿದಂತಾಯಿತು. ಉಳಿಯುವುದು ಲೆಕ್ಕಕ್ಕೇ ಇಲ್ಲ, ಡಯೋಡಿನ ಸೋರಿಕೆಯೇ ಅದಕ್ಕಿಂತ ದೊಡ್ಡದು. ಈಗ ಸಪ್ಲೈ 1 ವೋಲ್ಟಿನ ಸುತ್ತ ಇರುವ ದೊಡ್ಡ ಪ್ರೊಸೆಸರ್ ಯೋಚಿಸಿ. ಅಲ್ಲಿ ವೇಗಕ್ಕಾಗಿ ಥ್ರೆಶೋಲ್ಡನ್ನು 0.3ಕ್ಕೆ ಇಳಿಸಿದರೆ ಭಾಗಾಕಾರ ಮೂರು ಸಲಕ್ಕಿಂತ ತುಸು ಹೆಚ್ಚು ಮಾತ್ರ, ಉಳಿಯುವುದು ಸುಮಾರು 46 ಪಿಕೋಆಂಪ್. ಒಂದಕ್ಕೆ ಇದು ಏನೂ ಅಲ್ಲ. ನೂರು ಕೋಟಿ ಟ್ರಾನ್ಸಿಸ್ಟರ್ ಇಂಥವು ಮುಚ್ಚಿ ಕೂತಿದ್ದರೆ 46 ಮಿಲಿಆಂಪ್. ಚಿಪ್ಪು ಬಿಸಿಯಾದರೆ ಥ್ರೆಶೋಲ್ಡೂ ಇಳಿಯುತ್ತದೆ, ಆ 90 ಮಿಲಿವೋಲ್ಟೂ ಹಿಗ್ಗುತ್ತದೆ, ಸೋರಿಕೆ ಹಲವು ಪಟ್ಟಾಗುತ್ತದೆ. ಹಾಗಾಗಿ ‘ಸಿಮಾಸ್‌ನ ಸ್ಥಿರ ಖರ್ಚು ಸೊನ್ನೆ’ ಎನ್ನುವುದು ನಿಮ್ಮ 74HC04ಕ್ಕೆ ನಿಜ, ಜೇಬಿನ ಫೋನಿನ ಪ್ರೊಸೆಸರ್‌ಗೆ ಅಲ್ಲ. ಅಲ್ಲಿ ಬಳಸದ ಭಾಗದ ಸಪ್ಲೈಯನ್ನೇ ಕಡಿಯುವ ಟ್ರಾನ್ಸಿಸ್ಟರ್ ಇಡಬೇಕಾಗುತ್ತದೆ.

ಸ್ವಿಚಿಂಗ್ ಖರ್ಚಿನ ಬಗ್ಗೆ ಒಂದೇ ಮಾತು. 74HC04ರ ಒಂದು ಇನ್ವರ್ಟರ್‌ನ ಒಳಗಿನ ಲೆಕ್ಕದ ಕೆಪಾಸಿಟೆನ್ಸ್ 20 ಪಿಕೋಫ್ಯಾರಡ್, ಹೊರಗೆ 15 ಇದೆಯೆನ್ನಿ. 5 ವೋಲ್ಟಿನಲ್ಲಿ, ಸೆಕೆಂಡಿಗೆ ಹತ್ತು ಲಕ್ಷ ಸಲ ಏರಿ ಇಳಿದರೆ C·V²·f ಪ್ರಕಾರ 0.875 ಮಿಲಿವ್ಯಾಟ್, ಅಂದರೆ 0.175 ಮಿಲಿಆಂಪ್. ನಡುವೋಲ್ಟಿನಲ್ಲಿ ಸಿಕ್ಕಿಬಿದ್ದ ಒಂದು ಇನ್‌ಪುಟ್ ಏನೂ ಕೆಲಸ ಮಾಡದೆ ಇದಕ್ಕಿಂತ ಹೆಚ್ಚು ತಿನ್ನಬಲ್ಲದು.

ಬೋರ್ಡಿನಲ್ಲಿ ಆಗುವ ತಪ್ಪುಗಳು

ಮೂರು ಎಎ ಸೆಲ್, 4.5 ವೋಲ್ಟ್, 2000 ಮಿಲಿಆಂಪ್-ಗಂಟೆ. 74HC04ರಲ್ಲಿ ಒಂದು ಇನ್ವರ್ಟರ್ ಮಾತ್ರ ಬಳಸಿ, ಉಳಿದ ಐದರ ಇನ್‌ಪುಟ್‌ಗಳನ್ನು ‘ಬೇಡವಲ್ಲ’ ಎಂದು ಗಾಳಿಯಲ್ಲಿ ಬಿಟ್ಟಿದ್ದಾರೆ. ಚಿಪ್ಪು 2 ಮೈಕ್ರೋಆಂಪ್ ಮಾತ್ರ ಎಳೆದರೆ ಸೆಲ್ಲು ತಾನಾಗಿ ಹಳತಾಗಿ ಸಾಯುವವರೆಗೂ ನಡೆಯಬೇಕು. ಆದರೆ ತೇಲುವ ಗೇಟು ಒಂದು ಸಣ್ಣ ಕೆಪಾಸಿಟರ್. ಸುತ್ತಲಿನ 50 ಹರ್ಟ್ಸ್ ವೈರಿಂಗ್, ಪಕ್ಕದ ಟ್ರ್ಯಾಕ್, ಬೋರ್ಡಿನ ತೇವ ಅದನ್ನು ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತವೆ. ನಡುವೋಲ್ಟಿನಲ್ಲಿ ನಿಂತು ಒಟ್ಟು 1 ಮಿಲಿಆಂಪ್ ಎಳೆದರೆ 2000 ಗಂಟೆ, ಅಂದರೆ 83 ದಿನಕ್ಕೆ ಸೆಲ್ ಮುಗಿಯಿತು. ಔಟ್‌ಪುಟ್ ಯಾರೂ ಬಳಸುತ್ತಿಲ್ಲವಾದ್ದರಿಂದ ಲಾಜಿಕ್ ತಪ್ಪು ಎಲ್ಲೂ ಕಾಣುವುದಿಲ್ಲ. ಬಳಸದ ಇನ್‌ಪುಟ್‌ಗಳನ್ನು ಗ್ರೌಂಡಿಗೋ ಸಪ್ಲೈಗೋ ನೇರ ಕಟ್ಟಿ. ಔಟ್‌ಪುಟ್‌ಗಳನ್ನು ಮಾತ್ರ ಹಾಗೇ ಬಿಡಿ. ಎಲ್ಲ ಕಾಲುಗಳನ್ನೂ ಗ್ರೌಂಡ್ ಮಾಡುವ ಹುಮ್ಮಸ್ಸಿನಲ್ಲಿ ಔಟ್‌ಪುಟ್ಟನ್ನೂ ಕಟ್ಟಿದರೆ, ಇನ್‌ಪುಟ್ ಸೊನ್ನೆಯಿರುವ ಇನ್ವರ್ಟರ್‌ನ ತೆರೆದ ಪಿಮಾಸ್ ನೇರ ಶಾರ್ಟ್. ಮೈಕ್ರೋಕಂಟ್ರೋಲರ್ ಸ್ಲೀಪಿಗೆ ಹೋದಾಗ ಇನ್‌ಪುಟ್ ಎಂದು ಬಿಟ್ಟ ಖಾಲಿ ಪಿನ್ನುಗಳದೂ ಇದೇ ಕಥೆ.

ಎರಡನೆಯದು ಈಗ ಹೆಚ್ಚು ಕಾಣುವ ತಪ್ಪು: 3.3 ವೋಲ್ಟಿನ ಮೈಕ್ರೋಕಂಟ್ರೋಲರ್‌ನಿಂದ 5 ವೋಲ್ಟಿನ 74HCT04ನ್ನು ಓಡಿಸುವುದು. ಲಾಜಿಕ್ ದೃಷ್ಟಿಯಿಂದ ನಿಷ್ಕಳಂಕ, 2 ವೋಲ್ಟ್ ಸಾಕಾದಲ್ಲಿ 3.3 ಸಿಕ್ಕಿದೆ. ಆದರೆ ಪಿಮಾಸ್‌ನ ಸೋರ್ಸ್ 5ರಲ್ಲಿದೆ, ಗೇಟು 3.3ರಲ್ಲಿದೆ. 1.7 ವೋಲ್ಟಿನ ಅಂತರ, ಬಾಗಿಲು ಅರೆತೆರೆ. ನಮ್ಮ ಲೆಕ್ಕದ ಇನ್ವರ್ಟರ್‌ನಲ್ಲಿ ಇದು 0.1 ಮಿಲಿಆಂಪ್. ಮೊದಲಿಗೆ ಹೇಳಿದ ಡೇಟಾಶೀಟಿನ ಎರಡನೇ ಸಾಲು ಇರುವುದೇ ಇಂಥ ಬಳಕೆಗೆ. ಆ ಚಿಪ್ಪಿಗೆ 5 ವೋಲ್ಟ್ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಿ. ಬೇಡವಾದರೆ 74HC04 ಹಾಕಿ, ಅದನ್ನೂ 3.3ರಲ್ಲೇ ಓಡಿಸಿ, ಇನ್‌ಪುಟ್ ಕೊನೆ ಮುಟ್ಟುತ್ತದೆ. 5 ವೋಲ್ಟಿಗೆ ಪುಲ್-ಅಪ್ ಹಾಕುವ ಯೋಚನೆ ಇಲ್ಲಿ ಬೇಡ, 3.3 ವೋಲ್ಟಿನ ಪಿನ್ನಿಗೆ ಅದು ಪೆಟ್ಟು. ಎಲ್‌ಎಸ್ ಔಟ್‌ಪುಟ್‌ಗಾದರೆ 4.7 ಕಿಲೋಓಮ್ ಪುಲ್-ಅಪ್ ಸರಿ, ಆದರೆ ಔಟ್‌ಪುಟ್ ಸೊನ್ನೆಯಿದ್ದಾಗಲೆಲ್ಲ ಅದೇ ಸುಮಾರು 1 ಮಿಲಿಆಂಪ್ ತಿನ್ನುತ್ತದೆ. ಹಳೇ ರೆಸಿಸ್ಟರ್ ಇನ್ವರ್ಟರ್ ಹಿಂಬಾಗಿಲಿನಿಂದ ಒಳಗೆ ಬಂತು.

ಮೂರನೆಯದು ನಿಧಾನದ ಇನ್‌ಪುಟ್. ಒತ್ತುಗುಂಡಿಯ ಅದುರುವಿಕೆ ತಡೆಯಲು 10 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿ ನೇರ 74HC04ಕ್ಕೆ ಕೊಡುತ್ತಾರೆ. 4.5 ವೋಲ್ಟಿನಲ್ಲಿ ಈ ಸಿಗ್ನಲ್ 1.35ರಿಂದ 3.15ಕ್ಕೆ ಏರಲು 0.85 ಮಿಲಿಸೆಕೆಂಡ್ ಬೇಕು. ಡೇಟಾಶೀಟ್ ಒಪ್ಪುವ ಏರಿಕೆಯ ಸಮಯ 500 ನ್ಯಾನೋಸೆಕೆಂಡ್. ಅಷ್ಟು ಹೊತ್ತು ಕಡಿದಾದ ಇಳಿಜಾರಿನ ಮೇಲೆ ನಿಂತ ಇನ್ವರ್ಟರ್ ಒಂದು ಆಂಪ್ಲಿಫೈಯರ್. ಸಪ್ಲೈ ಲೈನಿನ ಸಣ್ಣ ಅಲುಗಾಟವನ್ನೂ ಹಿಗ್ಗಿಸಿ, ಒಂದು ಒತ್ತಿಗೆ ಹತ್ತಾರು ಪಲ್ಸ್ ಕೊಡಬಹುದು. ಅಲ್ಲಿಗೆ 74HC14 ಹಾಕಿ. ಅದರ ಏರುವ ಮತ್ತು ಇಳಿಯುವ ಹೊಸ್ತಿಲುಗಳು ಬೇರೆ ಬೇರೆ ಇರುವುದರಿಂದ ಔಟ್‌ಪುಟ್ ಒಂದೇ ಸಲ ತಿರುಗುತ್ತದೆ. ಇನ್‌ಪುಟ್ ನಡುವೆ ಇರುವಷ್ಟು ಹೊತ್ತು ಕರೆಂಟ್ ಮಾತ್ರ ಅದರಲ್ಲೂ ಹರಿಯುತ್ತದೆ.

ಸುಮ್ಮನಿರುವ ಬೋರ್ಡು ಹೆಚ್ಚು ಎಳೆಯುತ್ತಿದೆ ಎಂಬ ಅನುಮಾನ ಬಂದರೆ ಗಡಿಯಾರ ನಿಲ್ಲಿಸಿ, ಸಪ್ಲೈಗೆ ಸರಣಿಯಲ್ಲಿ 1 ಕಿಲೋಓಮ್ ಹಾಕಿ, ಅದರ ಆಚೆ ಚಿಪ್ಪಿನ ಕಡೆ 0.1 ಮೈಕ್ರೋಫ್ಯಾರಡ್ ಇಡಿ. 1 ಮಿಲಿವೋಲ್ಟಿಗೆ 1 ಮೈಕ್ರೋಆಂಪ್. ಮೀಟರ್ ನೋಡುತ್ತಾ ಬೋರ್ಡಿನ ಮೇಲೆ, ಮುಟ್ಟದೆ, ಅಂಗೈ ಆಡಿಸಿ. ಓದು ಏರಿಳಿದರೆ ತೇಲುವ ಇನ್‌ಪುಟ್ ಇದೆ. ಅಲುಗದೆ ನಿಂತು, ಯಾವುದೋ ಒಂದು ಸಿಗ್ನಲ್ ಸೊನ್ನೆಯಿಂದ ಒಂದಕ್ಕೆ ಹೋದಾಗ ಮಾತ್ರ ಜಿಗಿದರೆ, ಆ ಲೈನಿನ ವೋಲ್ಟೇಜ್ ಅಳೆಯಿರಿ. ಅದು ಸಪ್ಲೈವರೆಗೆ ಹೋಗದೆ ನಡುವೆಲ್ಲೋ ನಿಂತಿರುತ್ತದೆ, ಇಲ್ಲವೇ ಅಲ್ಲೊಂದು ಪುಲ್-ಅಪ್ ಅಥವಾ ಪುಲ್-ಡೌನ್ ಇರುತ್ತದೆ. ಇವೆರಡಕ್ಕೂ ಬಗ್ಗದೆ, ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಟ್ಟಾಗ ಏರಿ, ತಣ್ಣಗಾದಾಗ ಇಳಿದರೆ, ಅದು ನಿಜವಾದ ಸೋರಿಕೆ.